ಪವರ್‌ಪ್ಲೇ ಮತ್ತು ಸೆಷನ್ ರನ್‌ಗಳ ಲೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಷನ್ ಎಂದರೆ ಯಾವುದು? ಪವರ್‌ಪ್ಲೇಗೂ ಅದಕ್ಕೂ ಏನು ವ್ಯತ್ಯಾಸ?

ನಮ್ಮಲ್ಲಿ ಟಿ20 ನೋಡುವವರ ಬಾಯಲ್ಲಿ ಸೆಷನ್ ಎಂದರೆ ಇನ್ನಿಂಗ್ಸ್‌ನ ಒಂದು ತುಂಡು. 6 ಓವರ್ ಸೆಷನ್, 10 ಓವರ್ ಸೆಷನ್, 15 ಓವರ್ ಸೆಷನ್ ಎಂದು ಹೇಳುತ್ತಾರೆ. ಮೊದಲ 6 ಓವರ್‌ಗಳ ಸೆಷನ್ನೇ ಪವರ್‌ಪ್ಲೇ. ಆ ಅವಧಿಯಲ್ಲಿ 30 ಗಜದ ವೃತ್ತದ ಹೊರಗೆ ಇಬ್ಬರು ಫೀಲ್ಡರ್‌ಗಳು ಮಾತ್ರ ನಿಲ್ಲಬಹುದು, ಆಮೇಲೆ ಐವರು ನಿಲ್ಲಬಹುದು. ಈ ಒಂದು ನಿಯಮದಿಂದಲೇ 6ನೇ ಓವರ್ ಮತ್ತು 7ನೇ ಓವರ್ ಎರಡು ಬೇರೆ ಆಟಗಳಂತೆ ಕಾಣುತ್ತವೆ. ಲೈನ್ ಎಂದರೆ ಒಂದು ಸೆಷನ್‌ನಲ್ಲಿ ಬರುವ ರನ್ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಪಂಥ ಕಟ್ಟಲು ಇಡುವ ಸಂಖ್ಯೆ. ಹಾಗಾಗಿ ಲೈನ್ ಕಟ್ಟುವವರು ಇನ್ನಿಂಗ್ಸನ್ನು ಹಂತಗಳಾಗಿ ಒಡೆದು ಲೆಕ್ಕ ಹಾಕುತ್ತಾರೆ. ಟೆಸ್ಟ್‌ನಲ್ಲಿ ಸೆಷನ್ ಎಂದರೆ ಊಟ ಮತ್ತು ಚಹಾ ವಿರಾಮಗಳ ನಡುವಿನ ಆಟ. ಅದನ್ನು ಕೊನೆಗೆ ಪ್ರತ್ಯೇಕವಾಗಿ ನೋಡೋಣ.

ಇದರ ಮೇಲೆ ಹಣ ಕಟ್ಟುವುದು ನಮ್ಮಲ್ಲಿ ಕಾನೂನುಬದ್ಧವೇ?

ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ, ಬೆಟ್ಟಿಂಗ್ ಕೂಡ ಅದರೊಳಗೇ ಬರುತ್ತದೆ. ಊರಿನ ಬುಕಿಗಳ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಬ್ರಿಟನ್‌ನಲ್ಲಿ ಪರವಾನಗಿ ಪಡೆದ ಕಂಪನಿಗಳು ‘ಮೊದಲ 6 ಓವರ್ ರನ್’ ಎಂಬ ಲೈನನ್ನು ಬಹಿರಂಗವಾಗಿಯೇ ಕೊಡುತ್ತವೆ. ಅಲ್ಲಿರುವ ಕನ್ನಡಿಗರು ಅದನ್ನು ದಿನವೂ ನೋಡಿರುತ್ತಾರೆ. ಈ ಪುಟ ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಹೇಗೆ ಅಲುಗುತ್ತದೆ ಎಂಬುದರ ಬಗ್ಗೆ. ನಾನು ವರ್ಷಗಳಿಂದ ಎಸೆತ ಎಸೆತಕ್ಕೂ ಪಟ್ಟಿ ಬರೆದಿಡುತ್ತಾ ಬಂದವನು. ಈ ಲೆಕ್ಕ ಗೊತ್ತಾದರೆ ಪಂದ್ಯದ ಮೊದಲ ಅರ್ಧ ಗಂಟೆಯನ್ನು ನೋಡುವ ಕಣ್ಣೇ ಬದಲಾಗುತ್ತದೆ. ಅದೇ ಲೆಕ್ಕ ನೋಡಿದರೆ ಹಣ ಯಾರ ಕಡೆ ಹರಿಯುತ್ತದೆ ಎಂಬುದೂ ಕಾಣುತ್ತದೆ.

ಲೈನ್ 51.5 ಎಂದರೆ ತಂಡ 51 ಅಥವಾ 52 ಹೊಡೆಯುತ್ತದೆ ಎಂದು ಭವಿಷ್ಯ ಹೇಳಿದಂತೆಯೇ?

ಅಲ್ಲ. ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ, ಹೆಚ್ಚು ಬರುವ ಸಾಧ್ಯತೆ ಹತ್ತಿರ ಹತ್ತಿರ ಸಮ ಎಂದಷ್ಟೇ ಅದರ ಅರ್ಥ. ಇಂಥದ್ದೇ ನೂರು ಪಂದ್ಯ ಆಡಿಸಿ ಪವರ್‌ಪ್ಲೇ ಮೊತ್ತಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮೊತ್ತ ಅದು. ಸರಾಸರಿಯೂ ಅದೂ ಒಂದೇ ಅಲ್ಲ.

ಕಾರಣ ಇದು. ಪವರ್‌ಪ್ಲೇ ಮೊತ್ತ ಕೆಳಗೆ ಸೊನ್ನೆಗಿಂತ ಇಳಿಯಲಾರದು, ಆದರೆ ಮೇಲೆ ಬಹುದೂರ ಹೋಗಬಲ್ಲದು. 2017ರ ಮೇ 7ರಂದು ನಮ್ಮ ಚಿನ್ನಸ್ವಾಮಿಯಲ್ಲೇ ಕೋಲ್ಕತ್ತ ತಂಡದ ನರೈನ್ ಮತ್ತು ಲಿನ್ 6 ಓವರ್‌ಗಳಲ್ಲಿ ವಿಕೆಟ್ ನಷ್ಟವಿಲ್ಲದೆ 105 ಹೊಡೆದರು. 2024ರ ಏಪ್ರಿಲ್‌ನಲ್ಲಿ ದಿಲ್ಲಿಯಲ್ಲಿ ಹೈದರಾಬಾದ್ ತಂಡ ಅದನ್ನೂ ಮೀರಿ 125 ಮಾಡಿತು. ಇನ್ನೊಂದು ತುದಿಯಲ್ಲಿ 2009ರಲ್ಲಿ ಕೇಪ್‌ಟೌನ್‌ನಲ್ಲಿ ಬೆಂಗಳೂರು ತಂಡದ ಎದುರು ರಾಜಸ್ಥಾನ ಪವರ್‌ಪ್ಲೇಯಲ್ಲಿ 14 ರನ್ ಮಾತ್ರ ಮಾಡಿತು. ಕುಂಬ್ಳೆ 5 ರನ್ನಿಗೆ 5 ವಿಕೆಟ್ ತೆಗೆದ ಪಂದ್ಯ ಅದು. ಆದರೆ 14 ಎಂಬುದು ನಡುಮಟ್ಟಕ್ಕಿಂತ ಸುಮಾರು 35 ಕೆಳಗೆ ಇದ್ದರೆ, 125 ಎಂಬುದು 70ಕ್ಕೂ ಹೆಚ್ಚು ಮೇಲೆ. ಇಂಥ ಒಂದೆರಡು ಮೊತ್ತಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ, ನಡುವಿನ ಮೊತ್ತವನ್ನು ಎಳೆಯಲಾರವು. ಹಾಗಾಗಿ ಸರಾಸರಿ 52 ಇದ್ದರೆ ಲೈನ್ ಸಾಮಾನ್ಯವಾಗಿ ಅದಕ್ಕಿಂತ ಒಂದು ರನ್ನಿನಷ್ಟು ಕೆಳಗೇ ಇರುತ್ತದೆ.

‘48-49’ ಎಂದು ಎರಡು ಸಂಖ್ಯೆ ಏಕೆ ಹೇಳುತ್ತಾರೆ?

ಅಲ್ಲೇ ಬುಕಿಯ ಲಾಭ ಇರುವುದು. 48ಕ್ಕೆ ‘ನೋ’ ಎಂದವನು ಮೊತ್ತ 47 ಅಥವಾ ಅದಕ್ಕಿಂತ ಕಡಿಮೆ ಆದರೆ ಮಾತ್ರ ಗೆಲ್ಲುತ್ತಾನೆ. 49ಕ್ಕೆ ‘ಎಸ್’ ಎಂದವನು 49 ಅಥವಾ ಹೆಚ್ಚು ಬಂದರೆ ಗೆಲ್ಲುತ್ತಾನೆ. ಸರಿಯಾಗಿ 48 ಬಂದರೆ ಇಬ್ಬರೂ ಸೋಲುತ್ತಾರೆ.

ಒಂದೇ ಒಂದು ರನ್ ತಾನೇ ಎನ್ನಿಸುತ್ತದೆ. ಅದರ ಬೆಲೆ ಎಷ್ಟು ನೋಡಿ. ಪವರ್‌ಪ್ಲೇಯ ಒಂದೊಂದು ಎಸೆತದಲ್ಲಿ ಸೊನ್ನೆ, ಒಂದು, ನಾಲ್ಕು, ಆರು ಹೀಗೆ ಏರಿಳಿತ ಇರುವುದರಿಂದ 36 ಎಸೆತಗಳಲ್ಲಿ ಅದೃಷ್ಟ ಮಾತ್ರದಿಂದಲೇ ಮೊತ್ತ ಸುಮಾರು 11 ರನ್ ಆಚೀಚೆ ಆಗುತ್ತದೆ. ಪಿಚ್, ಬೌಲರ್, ಆ ದಿನದ ಲಯ ಸೇರಿಸಿದರೆ ಹರವು 12-13ಕ್ಕೆ ಬರುತ್ತದೆ. ಹರವು 13 ಇದ್ದಾಗ ನಟ್ಟನಡುವಿನ ಯಾವುದೇ ಒಂದು ಮೊತ್ತ ಬರುವ ಸಾಧ್ಯತೆ ಸುಮಾರು ಶೇ 3. ಅಂದರೆ 48-49 ಎಂಬ ಅಂತರದಲ್ಲಿ ನೂರಕ್ಕೆ ಮೂರು ಸಲ ಎರಡೂ ಕಡೆಯ ಹಣ ಬುಕಿಗೆ ಹೋಗುತ್ತದೆ. ವಿಕೆಟ್ ಬಿದ್ದ ಗಡಿಬಿಡಿಯಲ್ಲಿ 46-48 ಎಂದು ಎರಡು ರನ್ ಬಿಟ್ಟರೆ ಅದು ಶೇ 6 ಆಯಿತು. ಬ್ರಿಟನ್‌ನ ಕಂಪನಿಗಳು 48.5 ಎಂದು ಒಂದೇ ಲೈನ್ ಕೊಟ್ಟು ಎರಡೂ ಕಡೆಗೆ 1.91 ಬೆಲೆ ಇಡುತ್ತವೆ, ಅಂದರೆ ಗೆದ್ದರೆ 100ಕ್ಕೆ 191 ಕೈಗೆ ಬರುತ್ತದೆ. ಸಮಬಲದ ಪಂಥದಲ್ಲಿ 100 ಕಟ್ಟಿದವನಿಗೆ ಸರಾಸರಿ 95.50 ಮಾತ್ರ ವಾಪಸ್ಸು. ದಾರಿ ಬೇರೆ, ಸೋರುವುದು ಒಂದೇ.

ಪಂದ್ಯ ಶುರುವಾಗುವ ಮುಂಚಿನ ಲೈನ್ ಎಲ್ಲಿಂದ ಬರುತ್ತದೆ?

ಹಂತದ ಸರಾಸರಿಯಿಂದ. ಆ ಲೀಗ್‌ನ ಇತ್ತೀಚಿನ ಒಂದೆರಡು ಋತುಗಳ ಪವರ್‌ಪ್ಲೇ ಮೊತ್ತ ಮೊದಲ ಬುನಾದಿ. ಹಳೆಯ ಋತುಗಳನ್ನು ಹೆಚ್ಚು ಬೆರೆಸಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಆಟವೇ ಬದಲಾಗಿದೆ. 2023ರಲ್ಲಿ ಐಪಿಎಲ್‌ಗೆ ಇಂಪ್ಯಾಕ್ಟ್ ಆಟಗಾರನ ನಿಯಮ ಬಂದ ಮೇಲೆ ತಂಡಗಳಿಗೆ ಒಬ್ಬ ಬ್ಯಾಟರ್ ಹೆಚ್ಚಾಗಿ ಸಿಕ್ಕ. ವಿಕೆಟ್ ಹೋದರೂ ಪರವಾಗಿಲ್ಲ ಎಂದು ಮೊದಲ ಎಸೆತದಿಂದಲೇ ಬೀಸುವ ಧೈರ್ಯ ಬಂತು. 2019ರ ಸರಾಸರಿ ಹಿಡಿದು ಇಂದಿನ ಲೈನ್ ಕಟ್ಟಿದರೆ ಅದು ಬಹಳ ಕೆಳಗೆ ಕೂರುತ್ತದೆ.

ಆ ಬುನಾದಿಯ ಮೇಲೆ ಮೈದಾನ, ಎರಡೂ ತಂಡಗಳ ಆರಂಭಿಕ ಬ್ಯಾಟರ್‌ಗಳು, ಹೊಸ ಚೆಂಡಿನ ಬೌಲರ್‌ಗಳು, ಮೊದಲ ಬ್ಯಾಟಿಂಗೋ ಚೇಸೋ ಎಂಬ ತಿದ್ದುಪಡಿಗಳು ಬೀಳುತ್ತವೆ. ಒಂದೊಂದೂ ಒಂದೆರಡು ರನ್ನಿನಷ್ಟೇ ಇರುತ್ತದೆ. ನಾನು ಮಾಡುವ ರೀತಿಯಲ್ಲಿ ಮೊತ್ತವನ್ನು ಓವರ್‌ಗಳಿಗೆ ಹಂಚಿಕೊಳ್ಳಬೇಕು. ಉದಾಹರಣೆಗೆ ಒಂದು ಮೈದಾನಕ್ಕೆ ಒಟ್ಟು 52 ಎಂದು ಬಂದಿದೆ ಎನ್ನೋಣ. ಮೊದಲ ಓವರ್‌ನಲ್ಲಿ ಚೆಂಡು ಸ್ವಿಂಗ್ ಆಗುತ್ತದೆ, ಬ್ಯಾಟರ್ ಪಿಚ್ ನೋಡಿಕೊಳ್ಳುತ್ತಾನೆ, ಅದಕ್ಕೆ 6. ಎರಡನೆಯದಕ್ಕೆ 8, ಮೂರನೆಯದಕ್ಕೆ 9, ನಾಲ್ಕು ಮತ್ತು ಐದಕ್ಕೆ ತಲಾ 9.5, ಫೀಲ್ಡರ್‌ಗಳು ಹರಡುವ ಮುಂಚಿನ ಕೊನೆಯ ಓವರ್‌ಗೆ 10. ಕೂಡಿಸಿದರೆ 52. ಇವು ನಾನು ವಿವರಣೆಗೆ ಆರಿಸಿಕೊಂಡ ಅಂಕಿಗಳು. ಮುಂದಿನ ಲೆಕ್ಕವೆಲ್ಲ ಇದೇ ಮೈದಾನದ್ದು. ಸರಳವಾಗಿರಲಿ ಎಂದು ಸರಾಸರಿಯನ್ನೇ ಲೈನ್ ಎಂದುಕೊಳ್ಳುತ್ತೇನೆ.

ಮೈದಾನದ ಸರಾಸರಿಯನ್ನು ಎಷ್ಟು ನಂಬಬಹುದು?

ಜನ ನಂಬುವುದಕ್ಕಿಂತ ತುಂಬಾ ಕಡಿಮೆ. ಒಂದು ಐಪಿಎಲ್ ಋತುವಿನಲ್ಲಿ ತವರಿನಲ್ಲಿ 7 ಲೀಗ್ ಪಂದ್ಯ, ಅಂದರೆ 14 ಪವರ್‌ಪ್ಲೇಗಳು. ಒಂದೊಂದರ ಹರವು 13 ಇದ್ದಾಗ 14ರ ಸರಾಸರಿಯಲ್ಲೇ ಮೂರೂವರೆ ರನ್ನಿನಷ್ಟು ಅದೃಷ್ಟ ಬೆರೆತಿರುತ್ತದೆ. ‘ಈ ವರ್ಷ ಚಿನ್ನಸ್ವಾಮಿಯ ಸರಾಸರಿ 58, ಲೀಗ್‌ನದ್ದು 54, ಆದ್ದರಿಂದ ಇಲ್ಲಿ 4 ರನ್ ಜಾಸ್ತಿ’ ಎಂದು ಯಾರಾದರೂ ಹೇಳಿದರೆ, ಆ ನಾಲ್ಕು ಪೂರ್ತಿ ಮೈದಾನದ್ದೇ ಅಥವಾ ಪೂರ್ತಿ ಅದೃಷ್ಟದ್ದೇ ಎಂದು ಆ 14 ಇನ್ನಿಂಗ್ಸ್‌ಗಳಿಂದ ಹೇಳಲಾಗದು. ಅದಕ್ಕಾಗಿ ಅನುಭವಿಗಳು ಅಂತರವನ್ನು ಪೂರ್ತಿ ತೆಗೆದುಕೊಳ್ಳದೆ ಒಂದು ಭಾಗವನ್ನು ಮಾತ್ರ ಸೇರಿಸುತ್ತಾರೆ. 4ರಲ್ಲಿ ಒಂದೂವರೆಯೋ ಎರಡೋ. ಚಿನ್ನಸ್ವಾಮಿಯ ಬಗ್ಗೆ ನಮಗೆ ಬೇರೆ ಕಾರಣಗಳೂ ಗೊತ್ತಿವೆ. ಬೌಂಡರಿ ಹತ್ತಿರ, ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಚೆಂಡು ಗಾಳಿಯಲ್ಲಿ ತುಸು ದೂರ ಹೋಗುತ್ತದೆ. ಹೀಗೆ ಕಾರಣ ಗೊತ್ತಿರುವ ಕಡೆ ಸ್ವಲ್ಪ ಹೆಚ್ಚು ನಂಬಬಹುದು. ಕಾರಣವಿಲ್ಲದೆ ಬರೀ ಅಂಕಿಯಷ್ಟೇ ಇರುವ ಕಡೆ ಕೈ ಬಿಗಿ ಇರಲಿ.

ಎರಡು ಓವರ್‌ಗೆ ಬರಬೇಕಾದಷ್ಟು ರನ್ ಬಂದಿಲ್ಲ, ಆದರೂ ಲೈನ್ ಏರಿದೆ. ಇದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ.

52 ಎಂಬ ಸರಾಸರಿಯಲ್ಲಿ ಬೀಳಲಿರುವ ವಿಕೆಟ್‌ಗಳ ನಷ್ಟ ಆಗಲೇ ಸೇರಿಹೋಗಿದೆ. ಟಿ20 ಪವರ್‌ಪ್ಲೇಯಲ್ಲಿ ಸರಾಸರಿ ಒಂದೂವರೆ ವಿಕೆಟ್ ಆಸುಪಾಸು ಬೀಳುತ್ತದೆ. ಎಸೆತಕ್ಕೆ ಹಂಚಿದರೆ ಸುಮಾರು ಶೇ 4. ಒಂದೂ ವಿಕೆಟ್ ಬೀಳದ ಪಂದ್ಯ, ಒಂದು ಬಿದ್ದದ್ದು, ಮೂರು ಬಿದ್ದದ್ದು ಎಲ್ಲವನ್ನೂ ಕಲೆಸಿ ಬಂದ ಸಂಖ್ಯೆ 52.

ಈಗ ಎರಡು ಓವರ್ ಮುಗಿದಿವೆ, ಮೊತ್ತ 13, ವಿಕೆಟ್ ಬಿದ್ದಿಲ್ಲ. ನಮ್ಮ ಹಂಚಿಕೆಯ ಪ್ರಕಾರ 14 ಬರಬೇಕಿತ್ತು, ಒಂದು ಕಡಿಮೆ. ಉಳಿದ ನಾಲ್ಕು ಓವರ್‌ಗಳ ಸರಾಸರಿ 38. ಆದರೆ ಆ 38 ಕೂಡ ಕಲಸು ಸಂಖ್ಯೆ: ಈ ಹೊತ್ತಿಗೆ ಒಂದು ಎರಡು ವಿಕೆಟ್ ಕಳೆದುಕೊಂಡ ಪಂದ್ಯಗಳೂ ಅದರಲ್ಲಿವೆ. ನಮ್ಮ ತಂಡ ಆ ಗುಂಪಿನಲ್ಲಿಲ್ಲ. ಒಂದು ವಿಕೆಟ್‌ನ ಮುಂದಿನ ನಷ್ಟ 3 ರನ್ ಎಂದಿಟ್ಟರೆ, ಬಚಾವಾದ ಪ್ರತಿ ಎಸೆತಕ್ಕೂ 3ರ ಶೇ 4, ಅಂದರೆ 0.12 ರನ್ ವಾಪಸ್ಸು ಬರುತ್ತದೆ. 12 ಎಸೆತಕ್ಕೆ ಸುಮಾರು ಒಂದೂವರೆ. ಹಾಗಾಗಿ ಉಳಿದದ್ದು 38 ಅಲ್ಲ, 39.5. ಲೈನ್ 13ಕ್ಕೆ 39.5 ಕೂಡಿಸಿ 52.5. ರನ್ ಒಂದು ಕಡಿಮೆ, ಲೈನ್ ಅರ್ಧ ಹೆಚ್ಚು.

ಲೈನ್ ಯಾವಾಗಲೂ ಈ ಎರಡರ ಮೊತ್ತ: ಬಂದಾಗಿರುವ ರನ್, ಮತ್ತು ಈ ವಿಕೆಟ್ ಸ್ಥಿತಿಯಲ್ಲಿ ಉಳಿದ ಎಸೆತಗಳಿಂದ ನಿರೀಕ್ಷಿಸುವ ರನ್. ರನ್‌ರೇಟನ್ನು 6ರಿಂದ ಗುಣಿಸಿ ‘39ಕ್ಕೆ ನಿಲ್ಲುತ್ತೆ’ ಎಂದು ಹೇಳುವ ಸ್ನೇಹಿತರು ಇಲ್ಲೇ ಎಡವುವುದು.

ಸರಿ, ವಿಕೆಟ್ ಬಿತ್ತು. ಲೈನ್ ಎಷ್ಟು ಇಳಿಯಬೇಕು?

ಅದೇ ಪಂದ್ಯ ಮುಂದುವರಿಯಲಿ. ಮೂರನೇ ಓವರ್‌ನ ಮೊದಲ ಎಸೆತದಲ್ಲಿ ಆರಂಭಿಕ ಬ್ಯಾಟರ್ ಔಟ್. ಮೊತ್ತ 13ಕ್ಕೆ 1, ಉಳಿದದ್ದು 23 ಎಸೆತ.

ಇಲ್ಲಿ ಎರಡು ನಷ್ಟಗಳಿವೆ, ಬೇರೆ ಬೇರೆ ನೋಡಬೇಕು. ಒಂದು, ಆ ಎಸೆತವೇ ವ್ಯರ್ಥವಾಯಿತು. 24 ಎಸೆತಕ್ಕೆ 39.5 ಎಂದರೆ ಒಂದು ಎಸೆತಕ್ಕೆ ಒಂದೂವರೆ ರನ್ನಿಗಿಂತ ತುಸು ಹೆಚ್ಚು. ವಿಕೆಟ್ ಬೀಳದೆ ಬರೀ ಡಾಟ್ ಆಗಿದ್ದರೂ ಇಷ್ಟು ಹೋಗುತ್ತಿತ್ತು. ಎರಡು, ಹೊಸ ಬ್ಯಾಟರ್ ಬಂದು ಕಣ್ಣು ಕೂರಿಸಿಕೊಳ್ಳುವ ತನಕ ರನ್ ನಿಧಾನ, ಹಾಗೂ ತಂಡ ತುಸು ಎಚ್ಚರ. ಅದಕ್ಕೆ 3 ರನ್. ಹಾಗಾಗಿ ಉಳಿದದ್ದು 39.5ರಿಂದ 35ಕ್ಕೆ, ಲೈನ್ 52.5ರಿಂದ 48ಕ್ಕೆ. ಇಳಿದದ್ದು ನಾಲ್ಕೂವರೆ, ಅದರಲ್ಲಿ ಮೂರನೇ ಒಂದು ಭಾಗ ವಿಕೆಟ್‌ಗೆ ಸಂಬಂಧಿಸಿದ್ದೇ ಅಲ್ಲ.

ಮುಂದಿನ ಎಸೆತ ಒಂದು ರನ್. 14ಕ್ಕೆ 1, ಲೈನ್ 47.5. ಅದರ ಮುಂದಿನ ಎಸೆತ ಮತ್ತೆ ವಿಕೆಟ್. 14ಕ್ಕೆ 2, ಉಳಿದದ್ದು 21 ಎಸೆತ. ವ್ಯರ್ಥವಾದ ಎಸೆತಕ್ಕೆ ಒಂದೂವರೆ. ಎರಡನೇ ವಿಕೆಟ್‌ನ ನಷ್ಟವನ್ನು ನಾನು 3 ಅಲ್ಲ, 4.5 ಎಂದು ಹಿಡಿಯುತ್ತೇನೆ. ಉಳಿದದ್ದು 27.5, ಲೈನ್ 41.5.

ಮೂರೇ ಎಸೆತದಲ್ಲಿ 52.5ರಿಂದ 41.5ಕ್ಕೆ, ಹನ್ನೊಂದು ರನ್ ಕುಸಿತ. ನೋಡುವವರಿಗೆ ‘ಎರಡು ವಿಕೆಟ್‌ಗೆ ಹನ್ನೊಂದಾ? ಇದು ಅತಿಯಾಯಿತು’ ಅನ್ನಿಸುತ್ತದೆ. ಆದರೆ ಅದರಲ್ಲಿ ಮೂರೂವರೆ ರನ್ ಬರೀ ಎಸೆತಗಳ ಲೆಕ್ಕ, ಉಳಿದ ಏಳೂವರೆ ಮಾತ್ರ ವಿಕೆಟ್‌ಗಳದ್ದು.

ಎರಡನೇ ವಿಕೆಟ್‌ಗೆ ಏಕೆ ಹೆಚ್ಚು?

ಮೊದಲ ವಿಕೆಟ್ ಬಿದ್ದಾಗ ಒಂದು ತುದಿಯಲ್ಲಿ ನೆಲೆಯೂರಿದವನು ಇರುತ್ತಾನೆ, ಅವನೇ ಬೀಸುತ್ತಾ ಹೊಸಬನಿಗೆ ಉಸಿರಾಡಲು ಬಿಡುತ್ತಾನೆ. ಬೇಗನೆ ಎರಡು ಬಿದ್ದರೆ ಎರಡೂ ತುದಿಯಲ್ಲಿ ಹೊಸಬರು. ಎದುರಾಳಿ ನಾಯಕ ಸ್ಲಿಪ್ ಹಾಕುತ್ತಾನೆ, ತನ್ನ ಅತ್ಯುತ್ತಮ ಬೌಲರ್‌ಗೆ ಮೂರನೇ ಓವರನ್ನೂ ಅಲ್ಲೇ ಕೊಟ್ಟುಬಿಡುತ್ತಾನೆ. ಮೂರನೆಯದು ಬಿದ್ದರೆ ತಂಡದ ಗುರಿಯೇ ಬದಲಾಗುತ್ತದೆ: ಪವರ್‌ಪ್ಲೇಯನ್ನು ಬಳಸಿಕೊಳ್ಳುವುದು ಬಿಟ್ಟು ಅದನ್ನು ದಾಟುವುದು. ಹಾಗಾಗಿ ‘ಒಂದು ವಿಕೆಟ್‌ಗೆ ಇಷ್ಟು’ ಎಂಬ ಒಂದೇ ದರ ಇಟ್ಟುಕೊಂಡವರ ಲೆಕ್ಕ ಮೂರನೇ ವಿಕೆಟ್‌ನಲ್ಲಿ ತಪ್ಪುತ್ತದೆ.

ಆರನೇ ಓವರ್‌ನಲ್ಲಿ ಬಿದ್ದ ವಿಕೆಟ್‌ಗೂ ಇಷ್ಟೇ ಇಳಿಯುತ್ತದೆಯೇ?

ಇಲ್ಲ. ಆರನೇ ಓವರ್‌ನ ಮೊದಲ ಎಸೆತದಲ್ಲಿ ವಿಕೆಟ್ ಬಿದ್ದರೆ ಉಳಿಯುವುದು ಐದು ಎಸೆತ, ಅವುಗಳಿಂದ ಎಂಟು ಚಿಲ್ಲರೆ ರನ್. ಹೊಸಬ ಅದರಲ್ಲಿ ಎರಡು ಮೂರು ಎಸೆತ ಎದುರಿಸಬಹುದು. ಮುಂದಿನ ನಷ್ಟ ಒಂದು ರನ್ ಆಸುಪಾಸು. ವ್ಯರ್ಥವಾದ ಎಸೆತದ ನಷ್ಟವೇ ಅದಕ್ಕಿಂತ ಹೆಚ್ಚು.

ಒಂದು ಸೂಕ್ಷ್ಮ ಇದೆ. 2022ರ ಅಕ್ಟೋಬರ್‌ನಿಂದ ಕ್ಯಾಚ್ ಔಟ್ ಆದಾಗ ಬ್ಯಾಟರ್‌ಗಳು ದಾಟಿದ್ದರೂ ಹೊಸಬನೇ ಸ್ಟ್ರೈಕ್‌ಗೆ ಬರಬೇಕು, ಓವರ್ ಮುಗಿದಿದ್ದರೆ ಮಾತ್ರ ಬೇರೆ. ಮುಂಚೆ ನೆಲೆಯೂರಿದವನು ದಾಟಿ ಬಂದು ಸ್ಟ್ರೈಕ್ ಹಿಡಿದುಬಿಡುತ್ತಿದ್ದ. ಎಸೆತ ಕಡಿಮೆ ಇರುವಾಗ ಈ ಬದಲಾವಣೆ ಅರ್ಧ ರನ್ನಿನಷ್ಟು ತೂಗುತ್ತದೆ. ಓವರ್‌ನ ಕೊನೆಯ ಎಸೆತದಲ್ಲಿ ಬಿದ್ದ ವಿಕೆಟ್ ಅದೇ ಕಾರಣಕ್ಕೆ ತುಸು ಅಗ್ಗ.

ಯಾರು ಔಟಾದರು ಎಂಬುದು ಮುಖ್ಯವೇ?

ತುಂಬಾ. ಮೇಲಿನ 3 ರನ್ ಎಂಬುದು ಎಲ್ಲ ಬಗೆಯ ಬ್ಯಾಟರ್‌ಗಳ ಸರಾಸರಿ. ಎಸೆತಕ್ಕೆ 1.7ರಂತೆ ಬೀಸುವವನು ಹೋಗಿ, ಮೊದಲ ಹತ್ತು ಎಸೆತಕ್ಕೆ 1.2ರಂತೆ ಆಡುವವನು ಬಂದ ಎನ್ನಿ. 23 ಎಸೆತ ಉಳಿದಿರುವಾಗ ಹೊಸಬ ಹತ್ತು ಹನ್ನೊಂದು ಎದುರಿಸಿದರೆ ನಷ್ಟ ಐದರ ಹತ್ತಿರ. ಎಸೆತಕ್ಕೆ 1.3ರಂತೆ ಆಡುವ ನಿಧಾನಿ ಹೋದರೆ ಅದೇ ಲೆಕ್ಕದಲ್ಲಿ ಒಂದೇ ರನ್. ಬರುವವನು ಬೀಸುವವನಾಗಿದ್ದರೆ ಲೈನ್ ಹೆಚ್ಚು ಕಡಿಮೆ ಇದ್ದಲ್ಲೇ ಇರಬಹುದು. ನರೈನ್‌ನಂತೆ ಕಳೆದುಕೊಂಡರೂ ಪರವಾಗಿಲ್ಲ ಎಂದು ಮೇಲಕ್ಕೆ ಕಳಿಸಿದ ಬ್ಯಾಟರ್ ಹೋದಾಗ ಇನ್ನೂ ಒಂದು ವಿಚಿತ್ರ ನಡೆಯುತ್ತದೆ. 6 ಓವರ್‌ನ ಲೈನ್ ಚೆನ್ನಾಗಿ ಇಳಿಯುತ್ತದೆ, 20 ಓವರ್‌ನದ್ದು ಅಷ್ಟು ಇಳಿಯುವುದಿಲ್ಲ, ಏಕೆಂದರೆ ಅಸಲಿ ಬ್ಯಾಟರ್‌ಗಳೆಲ್ಲ ಒಳಗೇ ಇದ್ದಾರೆ.

ಏಕದಿನ ಪಂದ್ಯದಲ್ಲಿ ಇದೇ ಲೆಕ್ಕ ನಡೆಯುತ್ತದೆಯೇ?

ಚೌಕಟ್ಟು ಅದೇ, ಅಂಕಿಗಳು ಬೇರೆ. ಅಲ್ಲಿ ಮೊದಲ ಪವರ್‌ಪ್ಲೇ 10 ಓವರ್. ಮುಂದೆ ಇನ್ನೂ 40 ಓವರ್ ಆಡಬೇಕಾದ್ದರಿಂದ ವಿಕೆಟ್ ಬಿದ್ದಾಗ ತಂಡ ನಿಜಕ್ಕೂ ಬಾಗಿಲು ಮುಚ್ಚಿಕೊಳ್ಳುತ್ತದೆ.

2019ರ ಜುಲೈ 10, ಓಲ್ಡ್ ಟ್ರಾಫರ್ಡ್, ವಿಶ್ವಕಪ್ ಸೆಮಿಫೈನಲ್‌ನ ಮೀಸಲು ದಿನ. ನಾವು ಯಾರೂ ಮರೆತಿಲ್ಲ. ಭಾರತಕ್ಕೆ 240 ಬೇಕಿತ್ತು. ಎರಡನೇ ಓವರ್‌ನಲ್ಲಿ ರೋಹಿತ್, ಮೂರನೆಯದರಲ್ಲಿ ಕೊಹ್ಲಿ, ನಾಲ್ಕನೆಯದರ ಮೊದಲ ಎಸೆತದಲ್ಲಿ ನಮ್ಮ ರಾಹುಲ್, ಮೂವರದ್ದೂ ಒಂದೊಂದೇ ರನ್. 19 ಎಸೆತಕ್ಕೆ 5 ರನ್, 3 ವಿಕೆಟ್. ಪವರ್‌ಪ್ಲೇಗೆ 41 ಎಸೆತ ಉಳಿದಿದ್ದವು. ಮಾಮೂಲಿ ಓವರ್‌ಗೆ 5ರ ಲೆಕ್ಕ ಹಿಡಿದರೆ ಆ 41 ಎಸೆತಕ್ಕೆ 34 ರನ್ ಬರಬೇಕು. ವಿಕೆಟ್‌ಗೆ ಮೂರು ಎಂದು 9 ಕಳೆದರೂ 25, ಅಂದರೆ ಲೈನ್ 30. ನಿಜವಾಗಿ ಬಂದದ್ದು 19 ರನ್, ಜೊತೆಗೆ ಹತ್ತನೇ ಓವರ್‌ನ ಕೊನೆಯ ಎಸೆತದಲ್ಲಿ ಕಾರ್ತಿಕ್ ವಿಕೆಟ್. 10 ಓವರ್‌ಗೆ 24ಕ್ಕೆ 4.

ಕೂಡಿ ಕಳೆಯುವ ಲೆಕ್ಕ ಇಲ್ಲಿ ಸಾಕಾಗಲಿಲ್ಲ. ಕಾರ್ತಿಕ್ ಮತ್ತು ಪಂತ್ ಆಗ ರನ್ ಹುಡುಕುತ್ತಿರಲಿಲ್ಲ, ಹೆನ್ರಿ ಮತ್ತು ಬೌಲ್ಟ್‌ರ ಓವರ್‌ಗಳು ಮುಗಿಯಲಿ ಎಂದು ಕಾಯುತ್ತಿದ್ದರು. ಅದೇ ಭಾರತ ಕೊನೆಗೆ 221ರ ತನಕ ಬಂತು. ಜಡೇಜ ಮತ್ತು ಧೋನಿ ಏಳನೇ ವಿಕೆಟ್‌ಗೆ 116 ಸೇರಿಸಿದರು. ಮೊದಲ 10 ಓವರ್ ಪೂರ್ತಿ ಕುಸಿದರೂ ಇನ್ನಿಂಗ್ಸ್ ಪೂರ್ತಿ ಕುಸಿಯಲಿಲ್ಲ. ಸಣ್ಣ ಸೆಷನ್‌ನಲ್ಲಿ ತಂಡ ಮುಂದೂಡಿದ ರನ್ನೂ ನಷ್ಟವೇ, ದೊಡ್ಡ ಲೈನ್‌ನಲ್ಲಿ ಅದು ಬಾಕಿ ಅಷ್ಟೆ.

ವಿಕೆಟ್ ಬಿದ್ದ ಮೇಲೆ ಲೈನ್ ಅತಿಯಾಗಿ ಇಳಿದಿರುತ್ತದೆ, ಆಗ ‘ಎಸ್’ ಎಂದರೆ ಲಾಭ ಎನ್ನುತ್ತಾರೆ. ನಿಜವೇ?

ಹೀಗೆ ಹೇಳುವವರು ತುಂಬಾ ಜನ. ಅವರಿಗೆ ನೆನಪಿರುವುದು ವಿಕೆಟ್ ಬಿದ್ದ ಮೇಲೂ 60 ಹೊಡೆದ ಪಂದ್ಯಗಳು. ಆದರೆ 12-13ರ ಹರವಿನಲ್ಲಿ ಅಂಥ ಪಂದ್ಯಗಳು ಹೇಗೂ ಬಂದೇ ಬರುತ್ತವೆ. ಒಂದು ರನ್ನಿನಷ್ಟು ತಪ್ಪು ಲೈನ್ ಸಿಕ್ಕರೂ ಅನುಕೂಲ ಶೇ 3, ಅದನ್ನು ಬುಕಿಯ ಅಂತರವೇ ತಿಂದುಹಾಕುತ್ತದೆ. ವಿಕೆಟ್ ಬಿದ್ದ ಕೂಡಲೇ ಎಲ್ಲರೂ ಲೈನ್‌ಗೆ ಬೀಗ ಹಾಕುತ್ತಾರೆ, ತೆರೆದಾಗ ಅಂತರ ಅಗಲವಾಗಿರುತ್ತದೆ. ಜೊತೆಗೆ ನಮ್ಮ ಮನೆಯ ಟಿವಿ, ಮೊಬೈಲ್ ಚಿತ್ರ ಮೈದಾನಕ್ಕಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ. ನಾವು ಎಸೆತ ನೋಡುವ ಹೊತ್ತಿಗೆ ಲೈನ್ ಇಟ್ಟವನಿಗೆ ಅದರ ಫಲಿತಾಂಶ ಗೊತ್ತಿರುತ್ತದೆ. ನನ್ನ ಪಟ್ಟಿ ನನಗೆ ಪಂದ್ಯವನ್ನು ಚೆನ್ನಾಗಿ ಓದಿಸಿದೆ, ಆ ಅಂತರವನ್ನು ದಾಟುವಷ್ಟು ನಿಖರವಾಗಿ ಅದು ಎಂದೂ ಇರಲಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ ‘ವಿಕೆಟ್ ಬಿದ್ದರೆ ಎಸ್’ ಎಂಬ ಒಂದೇ ಸೂತ್ರ ಹಿಡಿದು ಬೈಕ್ ಮಾರಿದ. ಅವನ ಕ್ರಿಕೆಟ್ ಜ್ಞಾನದಲ್ಲಿ ಏನೂ ಕೊರತೆ ಇರಲಿಲ್ಲ.

ಅಕ್ರಮ ಮಾರ್ಕೆಟ್‌ನಲ್ಲಿ ಇನ್ನೂ ಒಂದು ಅಪಾಯ. ತುಂಡು ಚಿಕ್ಕದಾದಷ್ಟೂ ಅದನ್ನು ತಿರುಚುವುದು ಸುಲಭ, ಒಬ್ಬನೇ ಬೌಲರ್ ಸಾಕು. 2013ರ ಮೇನಲ್ಲಿ ದಿಲ್ಲಿ ಪೊಲೀಸರು ಮೂವರು ಐಪಿಎಲ್ ಆಟಗಾರರನ್ನು ಬಂಧಿಸಿದಾಗ ಇದ್ದ ಆರೋಪ, ಒಂದು ಓವರ್‌ನಲ್ಲಿ ಇಂತಿಷ್ಟು ರನ್ ಕೊಡಲು ಒಪ್ಪಿಕೊಂಡಿದ್ದರು ಎಂಬುದು. 2015ರಲ್ಲಿ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. ಆದರೆ ಆರೋಪ ಪಂದ್ಯದ ಫಲಿತಾಂಶದ ಬಗ್ಗೆ ಇರದೆ ಒಂದು ಓವರ್‌ನ ಬಗ್ಗೆ ಇತ್ತು ಎಂಬುದನ್ನು ಗಮನಿಸಿ.

ಮಳೆ ಬಂದು ಓವರ್ ಕಡಿಮೆಯಾದರೆ?

ಪವರ್‌ಪ್ಲೇಯೂ ಕುಗ್ಗುತ್ತದೆ. ಅಂತರರಾಷ್ಟ್ರೀಯ ಟಿ20ಯಲ್ಲಿ 2025ರ ಜುಲೈನಿಂದ ಅದನ್ನು ಹತ್ತಿರದ ಎಸೆತಕ್ಕೆ ಲೆಕ್ಕ ಹಾಕುತ್ತಾರೆ. 8 ಓವರ್‌ಗಳ ಇನ್ನಿಂಗ್ಸ್ ಆದರೆ ಪವರ್‌ಪ್ಲೇ 2 ಓವರ್ 2 ಎಸೆತ. ಓವರ್‌ನ ನಡುವೆಯೇ ಫೀಲ್ಡರ್‌ಗಳು ಹೊರಗೆ ಓಡುವುದನ್ನು ನೋಡಿ ಗಾಬರಿಯಾಗಬೇಡಿ. ಹಣದ ವಿಷಯದಲ್ಲಿ, ಹೇಳಿದಷ್ಟು ಓವರ್ ಆಡದಿದ್ದರೆ ಪರವಾನಗಿ ಇರುವ ಕಂಪನಿಗಳು ಸಾಮಾನ್ಯವಾಗಿ ಪಂಥ ರದ್ದುಮಾಡಿ ಹಣ ಹಿಂತಿರುಗಿಸುತ್ತವೆ. ತಂಡ ಆಲೌಟ್ ಆದರೆ ಮಾತ್ರ ಬಂದ ಮೊತ್ತವೇ ಅಂತಿಮ.

ಟೆಸ್ಟ್ ಸೆಷನ್‌ನ ಲೈನ್ ಹೇಗೆ?

ಅಲ್ಲಿ ಮೊದಲು ಊಹಿಸಬೇಕಾದ್ದು ರನ್ ಅಲ್ಲ, ಓವರ್. ದಿನಕ್ಕೆ 90 ಓವರ್, ಸೆಷನ್‌ಗೆ 30 ಎಂದು ಪುಸ್ತಕದಲ್ಲಿದೆ. ವೇಗಿಗಳೇ ಹೆಚ್ಚು ಹಾಕುವ ಬೆಳಗಿನ ಸೆಷನ್‌ನಲ್ಲಿ ಎಷ್ಟೋ ಸಲ 26-27 ಆಗುವುದೂ ಕಷ್ಟ. ಓವರ್‌ಗೆ ಮೂರೂವರೆಯಂತೆ ಮೂರು ಓವರ್ ತಪ್ಪಿದರೆ ಹತ್ತು ರನ್ ಹೋಯಿತು, ಒಂದೂ ವಿಕೆಟ್ ಬೀಳದೆ. ವಿಕೆಟ್ ಬಿದ್ದಾಗಲೂ ರನ್‌ಗತಿ ಇಳಿಯುವುದರ ಜೊತೆಗೆ ಸಮಯ ಹೋಗುತ್ತದೆ. ಇನ್ನಿಂಗ್ಸ್ ಬದಲಾದರೆ ಎರಡು ಓವರ್ ನೇರವಾಗಿ ಕಳೆಯುತ್ತದೆ. ಸ್ಪಿನ್ನರ್‌ಗಳು ಎರಡೂ ಕಡೆಯಿಂದ ಹಾಕುವ ನಮ್ಮ ಊರಿನ ಮಧ್ಯಾಹ್ನದ ಸೆಷನ್‌ನಲ್ಲಿ ಇದು ತಿರುವುಮುರುವಾಗುತ್ತದೆ.

ನಾನೇ ಇಂಥ ಪಟ್ಟಿ ಮಾಡಿಕೊಳ್ಳಬೇಕೆಂದರೆ ಎಲ್ಲಿ ಎಡವುತ್ತೇನೆ?

ಅಡ್ಡಕ್ಕೆ ಮುಗಿದ ಓವರ್, ಉದ್ದಕ್ಕೆ ಬಿದ್ದ ವಿಕೆಟ್ ಎಂದು ಮನೆಗಳನ್ನು ಎಳೆಯಿರಿ. ಪ್ರತಿ ಮನೆಯಲ್ಲೂ ಆ ಸ್ಥಿತಿಯಿಂದ ಪವರ್‌ಪ್ಲೇ ಮುಗಿಯುವ ತನಕ ಬಂದ ರನ್‌ಗಳ ಸರಾಸರಿ ಬರೆಯಿರಿ. ಎರಡು ಓವರ್‌ಗೆ ಸೊನ್ನೆ ವಿಕೆಟ್ ಎಂಬ ಮನೆ ಬೇಗ ತುಂಬುತ್ತದೆ. ಎರಡು ಓವರ್‌ಗೆ ಮೂರು ವಿಕೆಟ್ ಎಂಬ ಮನೆಯಲ್ಲಿ ಇಡೀ ಋತುವಿಗೆ ಒಂದೆರಡು ಇನ್ನಿಂಗ್ಸ್ ಸಿಕ್ಕರೆ ಹೆಚ್ಚು. ಆ ಮನೆಯ ಸಂಖ್ಯೆಯನ್ನು ಹಾಗೇ ಬಳಸಬೇಡಿ. ಅಕ್ಕಪಕ್ಕದ ಮನೆಗಳನ್ನು ನೋಡಿ ಇಳಿಜಾರು ಸರಿಯಾಗುವಂತೆ ತಿದ್ದಿಕೊಳ್ಳಿ.

ಇನ್ನೊಂದು ಎಡವಟ್ಟು ಕಣ್ಣಿಗೆ ಬೀಳುವುದು ನಿಧಾನ. ಬೇಗ ವಿಕೆಟ್ ಕಳೆದುಕೊಳ್ಳುವ ತಂಡಗಳು ಬಹುಪಾಲು ದುರ್ಬಲ ತಂಡಗಳು, ಅಥವಾ ಅಂದಿನ ಪಿಚ್ ಕಷ್ಟದ್ದು. ಆ ಮನೆಗಳಲ್ಲಿ ರನ್ ಕಡಿಮೆ ಕಾಣುವುದು ವಿಕೆಟ್‌ನಿಂದ ಮಾತ್ರ ಅಲ್ಲ. ಇದನ್ನು ಬೇರ್ಪಡಿಸದೆ ಲೆಕ್ಕ ಹಾಕಿದಾಗ ನನ್ನ ಪಟ್ಟಿ ಒಂದು ವಿಕೆಟ್‌ಗೆ ಬಹಳ ಹೆಚ್ಚು ರನ್ ಕಳೆಯುತ್ತಿತ್ತು. ಪರೀಕ್ಷೆ ಸುಲಭ: ಮೊದಲ ವಿಕೆಟ್ ಬಿದ್ದ ಎಲ್ಲ ಪಂದ್ಯಗಳನ್ನು ತೆಗೆದು, ಆ ಕ್ಷಣಕ್ಕೆ ನಿಮ್ಮ ಪಟ್ಟಿ ಹೇಳಿದ ಲೈನ್ ಮತ್ತು ಕೊನೆಗೆ ಬಂದ ಮೊತ್ತವನ್ನು ಪಕ್ಕಪಕ್ಕ ಬರೆಯಿರಿ. ಮೊತ್ತ ಲೈನ್‌ಗಿಂತ ಮೇಲೆ ಬಂದದ್ದು ಅರ್ಧಕ್ಕಿಂತ ತುಂಬಾ ಹೆಚ್ಚು ಪಂದ್ಯಗಳಲ್ಲಾದರೆ ನೀವು ವಿಕೆಟ್‌ಗೆ ಹೆಚ್ಚು ಕಳೆಯುತ್ತಿದ್ದೀರಿ ಎಂದರ್ಥ. ನೂರು ಪಂದ್ಯ ಸೇರುವ ತನಕ ಶೇ 55, ಶೇ 56 ಎಂಬ ಅಂಕಿಗಳನ್ನು ನೋಡಿ ಏನನ್ನೂ ಬದಲಿಸಬೇಡಿ.